ವಾರದ ಚಾರ್ಟಿನ ಅಪ್ಪಣೆಯಿಂದ ಗಳಿಕೆ ಹೆಚ್ಚುತ್ತದೆಯೇ?

ಷೇರುಪೇಟೆಯ ಪಾಠ ಹೇಳುವ ಯಾವ ತರಗತಿಗೆ ಹೋದರೂ ಮೊದಮೊದಲೇ ಕಿವಿಗೆ ಬೀಳುವ ಮಾತೊಂದಿದೆ: ದಿನದ ಚಾರ್ಟ್ ನೋಡಿದ ಕೂಡಲೇ ಕೊಳ್ಳಬೇಡಿ, ಮೊದಲು ವಾರದ ಚಾರ್ಟ್ ನೋಡಿ. ವಾರದ ಲೆಕ್ಕದಲ್ಲಿ ಬೆಲೆ ಏರುಮುಖವಾಗಿದ್ದರೆ ಮಾತ್ರ ದಿನದ ಚಾರ್ಟಿನಲ್ಲಿ ಕೊಳ್ಳುವ ಜಾಗ ಹುಡುಕಿ. ಇಲ್ಲದಿದ್ದರೆ ಕೈಕಟ್ಟಿ ಕೂರಿ. ಕೇಳಿದವರಿಗೆಲ್ಲ ಇದು ಸರಿ ಅನ್ನಿಸುತ್ತದೆ. ದೊಡ್ಡ ಚಲನೆಯ ಜೊತೆಗೆ ಹೋಗುವವನು ಅದರ ವಿರುದ್ಧ ಹೋಗುವವನಿಗಿಂತ ಕಡಿಮೆ ಪೆಟ್ಟು ತಿನ್ನಬೇಕಲ್ಲವೇ?

ಆದರೆ ಸರಿ ಅನ್ನಿಸುವುದು ಬೇರೆ, ಲೆಕ್ಕದಲ್ಲಿ ಸರಿಯಾಗಿರುವುದು ಬೇರೆ. ಕೇಳಬೇಕಾದ ಪ್ರಶ್ನೆ ಇಷ್ಟೇ: ವಾರದ ಅಪ್ಪಣೆ ಪಡೆದು ಮಾಡಿದ ವಹಿವಾಟಿನಲ್ಲಿ, ಅಪ್ಪಣೆಯಿಲ್ಲದೆ ಮಾಡಿದ್ದಕ್ಕಿಂತ ಸರಾಸರಿ ಗಳಿಕೆ ನಿಜವಾಗಿ ಹೆಚ್ಚುತ್ತದೆಯೇ? ಹೆಚ್ಚಿದಂತೆ ಕಂಡರೆ ಅದಕ್ಕೆ ಕಾರಣ ನಿಯಮವೋ, ಅದೃಷ್ಟವೋ, ಇಲ್ಲವೇ ಪರೀಕ್ಷೆಯಲ್ಲೇ ಆದ ತಪ್ಪೋ? ಇದನ್ನು ಮನೆಯಲ್ಲಿ ಕೂತು ಪರೀಕ್ಷಿಸಬಹುದು. ಮಾಡಿ ನೋಡಿದಾಗ ಸಿಗುವ ಉತ್ತರ ತರಗತಿಯ ಉತ್ತರದಷ್ಟು ಸಲೀಸಾಗಿರುವುದಿಲ್ಲ.

ಅಪ್ಪಣೆ ಕೊಡುವವರು ಯಾರು?

ಈ ವಿಚಾರವನ್ನು ಜನಪ್ರಿಯಗೊಳಿಸಿದವರು ಅಲೆಕ್ಸಾಂಡರ್ ಎಲ್ಡರ್. ನ್ಯೂಯಾರ್ಕಿನಲ್ಲಿ ಮನೋವೈದ್ಯರಾಗಿದ್ದು ವಹಿವಾಟಿಗೆ ಇಳಿದವರು. 1986ರಲ್ಲಿ ‘ಫ್ಯೂಚರ್ಸ್’ ಎಂಬ ಅಮೆರಿಕದ ಪತ್ರಿಕೆಯಲ್ಲಿ ‘ಟ್ರಿಪಲ್ ಸ್ಕ್ರೀನ್’ ಎಂಬ ವಿಧಾನವನ್ನು ಬರೆದರು. 1993ರ ‘ಟ್ರೇಡಿಂಗ್ ಫಾರ್ ಎ ಲಿವಿಂಗ್’ ಪುಸ್ತಕದಲ್ಲಿ ಅದನ್ನು ವಿಸ್ತರಿಸಿದರು. ಅವರ ಮೊದಲ ಪರದೆ ವಾರದ ಚಾರ್ಟು. ಅಲ್ಲಿ ಎಂಎಸಿಡಿ ಹಿಸ್ಟೋಗ್ರಾಮ್ ಮೇಲ್ಮುಖವಾದರೆ ಎರಡೇ ದಾರಿ ಉಳಿಯುತ್ತವೆ: ಕೊಳ್ಳುವುದು ಇಲ್ಲವೇ ಸುಮ್ಮನಿರುವುದು. ಮಾರಿ ಲಾಭ ಹುಡುಕುವಂತಿಲ್ಲ. ಎರಡನೆಯ ಪರದೆ ದಿನದ ಚಾರ್ಟು. ಏರುಮುಖದ ವಾರದೊಳಗೆ ದಿನದ ಬೆಲೆ ತುಸು ಇಳಿಯುವುದನ್ನು ಅಲ್ಲಿ ಕಾಯಬೇಕು. ಮೂರನೆಯದು ಆರ್ಡರ್ ಹಾಕುವ ಬಗೆ. ಹಿಂದಿನ ದಿನದ ಗರಿಷ್ಠ ಬೆಲೆಗಿಂತ ತುಸು ಮೇಲೆ ಆರ್ಡರ್ ಇಟ್ಟು, ಬೆಲೆ ಮತ್ತೆ ಮೇಲೆ ಹೊರಟಾಗಲೇ ಒಳಗೆ ಹೋಗಬೇಕು.

ಇಂದು ಹೆಚ್ಚಿನವರು ಎಂಎಸಿಡಿಯ ಬದಲು ಇನ್ನೂ ಸರಳವಾದ ನಿಯಮ ಇಟ್ಟುಕೊಳ್ಳುತ್ತಾರೆ: ವಾರದ ಮುಕ್ತಾಯ ಬೆಲೆ ಕಳೆದ 30 ವಾರಗಳ ಸರಾಸರಿಗಿಂತ ಮೇಲಿದ್ದರೆ ಅಪ್ಪಣೆ, ಕೆಳಗಿದ್ದರೆ ಇಲ್ಲ. 30 ವಾರದ ಈ ಸರಾಸರಿಯನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಸ್ಟ್ಯಾನ್ ವೈನ್‌ಸ್ಟೈನ್. ಈ ಲೇಖನದ ಉದ್ದಕ್ಕೂ ಇದೇ ನಿಯಮವನ್ನು ಹಿಡಿದುಕೊಳ್ಳೋಣ. ದಿನದ ಎಂಟ್ರಿಗೆ ನಿಮ್ಮದೇ ಯಾವುದೋ ವಿಧಾನವಿರಲಿ. ಇಲ್ಲಿ ಪರೀಕ್ಷೆಗೆ ನಿಂತಿರುವುದು ಆ ವಿಧಾನವಲ್ಲ, ಅದರ ಮೇಲೆ ಕೂತ ವಾರದ ಅಪ್ಪಣೆ.

ಗೆಲುವಿನ ಪ್ರಮಾಣ ನೋಡಿ ಮೋಸಹೋಗಬೇಡಿ

ವಹಿವಾಟಿನವರು ಎಕ್ಸ್‌ಪೆಕ್ಟೆನ್ಸಿ ಎನ್ನುವುದು ಒಂದು ವಹಿವಾಟಿಗೆ ಸರಾಸರಿ ಎಷ್ಟು ಗಳಿಕೆ ಎಂಬುದನ್ನೇ. ಗೆದ್ದ ವಹಿವಾಟುಗಳ ಲಾಭವನ್ನೆಲ್ಲ ಕೂಡಿ, ಸೋತವುಗಳ ನಷ್ಟವನ್ನೆಲ್ಲ ಕಳೆದು, ಉಳಿದದ್ದನ್ನು ಒಟ್ಟು ವಹಿವಾಟುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಮೊತ್ತ ಅದು. ಹತ್ತರಲ್ಲಿ ಏಳು ಸಲ ಗೆದ್ದೂ ಹಣ ಕಳೆದುಕೊಳ್ಳಬಹುದು, ನಾಲ್ಕೇ ಸಲ ಗೆದ್ದೂ ಹಣ ಮಾಡಬಹುದು. ಹಾಗಾಗಿ ವಾರದ ಚಾರ್ಟ್ ನೋಡಿದ ಮೇಲೆ ಗೆಲುವು ಹೆಚ್ಚಾಯಿತು ಎಂಬ ಮಾತಿನಿಂದ ಏನೂ ಸಾಬೀತಾಗುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಈ ಅಂಕಿಗಳು ವಿಚಾರ ಅರ್ಥವಾಗಲೆಂದು ನಾನೇ ಹಾಕಿಕೊಂಡವು, ಯಾವುದೇ ಷೇರಿನ ದಾಖಲೆಯಲ್ಲ. ಪ್ರತಿ ವಹಿವಾಟಿಗೆ 20,000 ರೂಪಾಯಿ ಹಾಕುತ್ತೀರಿ. ಕೊಂಡ ಬೆಲೆಗಿಂತ ಶೇ. 5 ಕೆಳಗೆ ಸ್ಟಾಪ್ ಲಾಸ್ ಇಡುತ್ತೀರಿ. ಅಂದರೆ ಸೋತರೆ 1,000 ರೂಪಾಯಿ ಹೋಗುತ್ತದೆ. ಗೆದ್ದರೆ ಸರಾಸರಿ 2,000 ರೂಪಾಯಿ ಬರುತ್ತದೆ. ದಿನದ ಚಾರ್ಟಿನ ವಿಧಾನ ಮಾತ್ರ ಬಳಸಿದಾಗ ಹಳೆಯ ದಾಖಲೆಯಲ್ಲಿ 200 ವಹಿವಾಟು ಸಿಕ್ಕವು, ಅವುಗಳಲ್ಲಿ 80 ಗೆದ್ದವು ಎಂದುಕೊಳ್ಳಿ. 1,60,000 ಬಂತು, 1,20,000 ಹೋಯಿತು, ಉಳಿದದ್ದು 40,000. ಒಂದು ವಹಿವಾಟಿಗೆ ಸರಾಸರಿ 200 ರೂಪಾಯಿ.

ಈಗ ವಾರದ ನಿಯಮವನ್ನು ಹೇರಿ. ಅದು 200ರಲ್ಲಿ 120 ವಹಿವಾಟುಗಳಿಗೆ ಅಪ್ಪಣೆ ಕೊಟ್ಟಿತು, ಅವುಗಳಲ್ಲಿ 52 ಗೆದ್ದವು. ಬಂದದ್ದು 1,04,000, ಹೋದದ್ದು 68,000, ಉಳಿದದ್ದು 36,000. ಸರಾಸರಿ ಗಳಿಕೆ 200ರಿಂದ 300 ರೂಪಾಯಿಗೆ ಏರಿತು! ಗೆಲುವಿನ ಪ್ರಮಾಣವೂ ಶೇ. 40ರಿಂದ ಶೇ. 43ಕ್ಕೆ ಏರಿತು. ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ, ನಿಯಮ ಗೆದ್ದಿತು ಎಂದು ಬರೆದುಕೊಳ್ಳುತ್ತಾರೆ.

ಕೈಗೆ ಬಂದ ಒಟ್ಟು ಹಣ ನೋಡಿ. ಮೊದಲು 40,000 ಇತ್ತು, ಈಗ 36,000. ಸರಾಸರಿ ಹೆಚ್ಚಾಗಿ ಒಟ್ಟು ಗಳಿಕೆ ಕಡಿಮೆಯಾಗಿದೆ. ಕಾರಣ ತಿಳಿಯಬೇಕಾದರೆ ನಿಯಮ ಬಿಟ್ಟುಬಿಟ್ಟ 80 ವಹಿವಾಟುಗಳನ್ನು ಎತ್ತಿ ನೋಡಬೇಕು. ಅವುಗಳಲ್ಲಿ 28 ಗೆದ್ದಿದ್ದವು. 56,000 ಬಂದು 52,000 ಹೋಗುತ್ತಿತ್ತು. ಉಳಿಯುತ್ತಿದ್ದದ್ದು 4,000, ಒಂದಕ್ಕೆ 50 ರೂಪಾಯಿ. ಅಂದರೆ ನಿಯಮ ದೂರವಿಟ್ಟದ್ದು ನಷ್ಟದ ವಹಿವಾಟುಗಳನ್ನಲ್ಲ, ಕಡಿಮೆ ಲಾಭದವುಗಳನ್ನು.

ಇಡೀ ಪರೀಕ್ಷೆಯ ತಿರುಳು ಇದೇ. ಫಿಲ್ಟರನ್ನು ಅದು ಒಪ್ಪಿದ ವಹಿವಾಟುಗಳಿಂದ ಅಳೆಯಬಾರದು, ತಿರಸ್ಕರಿಸಿದವುಗಳಿಂದ ಅಳೆಯಬೇಕು. ತಿರಸ್ಕೃತ ವಹಿವಾಟುಗಳ ಸರಾಸರಿ ಸೊನ್ನೆಗಿಂತ ಕೆಳಗಿದ್ದರೆ ಫಿಲ್ಟರ್ ನಿಮ್ಮ ಹಣ ಉಳಿಸುತ್ತಿದೆ. ಸೊನ್ನೆಗಿಂತ ಮೇಲಿದ್ದರೆ, ಸರಾಸರಿ ಎಷ್ಟೇ ಚೆಂದ ಕಂಡರೂ ಅದು ನಿಮ್ಮ ಲಾಭದಲ್ಲಿ ಒಂದಷ್ಟನ್ನು ಬಿಟ್ಟುಕೊಡುತ್ತಿದೆ.

ಖರ್ಚು ಸೇರಿಸಿದರೆ

ಮೇಲಿನ ಲೆಕ್ಕದಲ್ಲಿ ಇನ್ನೊಂದು ಬಾಕಿ ಇದೆ. ನಮ್ಮಲ್ಲಿ ಷೇರನ್ನು ಡೆಲಿವರಿಗೆ ಕೊಂಡರೆ ಶೇ. 0.1 ಎಸ್‌ಟಿಟಿ, ಮಾರಿದರೆ ಮತ್ತೆ ಶೇ. 0.1. ಅದರ ಜೊತೆ ಕೊಳ್ಳುವಾಗಿನ ಸ್ಟಾಂಪ್ ಡ್ಯೂಟಿ, ಎಕ್ಸ್‌ಚೇಂಜಿನ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಮಾರಿದಾಗ ಡಿಮ್ಯಾಟ್ ಖಾತೆಯ ಡಿಪಿ ಶುಲ್ಕ. ಬ್ರೋಕರೇಜ್ ಸೊನ್ನೆಯೆಂದೇ ಹಿಡಿದರೂ, ಕೊಂಡು ಮಾರುವಷ್ಟರಲ್ಲಿ ಕಾಲು ಶೇಕಡಾ ಹತ್ತಿರ ಖರ್ಚಾಗುತ್ತದೆ. 20,000 ರೂಪಾಯಿಗೆ ಕಾಲು ಶೇಕಡಾ ಎಂದರೆ 50 ರೂಪಾಯಿ.

ಈಗ ನೋಡಿ. ತಿರಸ್ಕೃತ 80 ವಹಿವಾಟುಗಳು ತಲಾ 50 ರೂಪಾಯಿ ಗಳಿಸುತ್ತಿದ್ದವು, ಖರ್ಚೂ ತಲಾ 50 ರೂಪಾಯಿ. ಅಲ್ಲಿಗೆ ಅವು ಸೊನ್ನೆ. ಫಿಲ್ಟರ್ ಇಲ್ಲದ 200 ವಹಿವಾಟುಗಳ 40,000ದಲ್ಲಿ 10,000 ಖರ್ಚು ಕಳೆದರೆ 30,000. ಫಿಲ್ಟರ್ ಇರುವ 120ರ 36,000ದಲ್ಲಿ 6,000 ಕಳೆದರೂ 30,000. ಎರಡೂ ಸಮ. ವರ್ಷಾನುಗಟ್ಟಲೆ ಕೂತು ಮಾಡಬೇಕಾಗಿದ್ದ 80 ವಹಿವಾಟುಗಳ ಶ್ರಮ ಉಳಿಯಿತು, ಅಷ್ಟು ದಿನ ಹಣ ಬೇರೆಡೆ ಬಡ್ಡಿ ದುಡಿಯಬಹುದಿತ್ತು. ಆದರೆ ಲಾಭ ಒಂದು ರೂಪಾಯಿಯೂ ಹೆಚ್ಚಲಿಲ್ಲ. ಖರ್ಚು ಹೆಚ್ಚಿರುವವರಿಗೆ ಇದೇ ಫಿಲ್ಟರ್ ಲಾಭದಾಯಕವಾಗುತ್ತದೆ. ಖರ್ಚು ಕಡಿಮೆಯಿರುವವರಿಗೆ ನಷ್ಟ. ಒಂದೇ ನಿಯಮ ಒಬ್ಬರಿಗೆ ಒಳ್ಳೆಯದಾಗಿ ಇನ್ನೊಬ್ಬರಿಗೆ ಆಗದಿರಲು ಇದೂ ಒಂದು ಕಾರಣ.

ಅದೃಷ್ಟದ ಪಾಲು ಎಷ್ಟು?

200 ರೂಪಾಯಿ 300 ಆದದ್ದು ನಿಯಮದ ಗುಣದಿಂದಲೋ, ಆಕಸ್ಮಿಕವೋ? ಇದನ್ನು ತಿಳಿಯಲು ಒಂದು ಸರಳ ಉಪಾಯವಿದೆ. 200 ವಹಿವಾಟುಗಳ ಫಲಿತಾಂಶವನ್ನು ಕಲಸಿ, ಅವುಗಳಿಂದ ಕಣ್ಣುಮುಚ್ಚಿ 120ನ್ನು ಎತ್ತಿ. ಅವುಗಳಲ್ಲಿ ಎಷ್ಟು ಗೆದ್ದಿವೆ ಎಣಿಸಿ. ಕಂಪ್ಯೂಟರಿನಲ್ಲಿ ಇದನ್ನೇ ಕೆಲವು ಸಾವಿರ ಸಲ ಮಾಡಿಸಿ. ನಮ್ಮ ಉದಾಹರಣೆಯ ಅಂಕಿಗಳಲ್ಲಿ ಹೀಗೆ ಕಣ್ಣುಮುಚ್ಚಿ ಎತ್ತಿದಾಗಲೂ ನೂರಕ್ಕೆ ಸುಮಾರು 15 ಸಲ 52 ಅಥವಾ ಅದಕ್ಕಿಂತ ಹೆಚ್ಚು ಗೆಲುವು ಸಿಗುತ್ತದೆ. ಅಂದರೆ ವಾರದ ಚಾರ್ಟನ್ನೇ ನೋಡದೆ, ಮನಸ್ಸಿಗೆ ಬಂದಂತೆ 80 ವಹಿವಾಟು ಬಿಟ್ಟವನಿಗೂ ಸುಮಾರು ಏಳರಲ್ಲಿ ಒಂದು ಸಲ ಇಷ್ಟೇ ಒಳ್ಳೆಯ ಫಲ ಸಿಗುತ್ತಿತ್ತು. ಇದು ಸಾಕ್ಷ್ಯ ಎನ್ನಿಸಿಕೊಳ್ಳುವುದಿಲ್ಲ.

ಅಷ್ಟೇ ವ್ಯತ್ಯಾಸವನ್ನು ಭರವಸೆಯಿಂದ ನಂಬಬೇಕಾದರೆ 200 ಸಾಲದು, ಅದರ ಮೂರರಷ್ಟು, ಅಂದರೆ ಆರುನೂರರ ಹತ್ತಿರ ವಹಿವಾಟು ಬೇಕು. ಒಂದು ಷೇರಿನಲ್ಲಿ ವರ್ಷಕ್ಕೆ ಹತ್ತು ಸಂಕೇತ ಸಿಕ್ಕರೆ ಅದು 60 ವರ್ಷದ ದಾಖಲೆ! ಅದಕ್ಕೇ ಪರೀಕ್ಷಿಸುವವರು ಐವತ್ತು ಷೇರುಗಳನ್ನು ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ಅಲ್ಲೂ ಎಚ್ಚರ ಬೇಕು. ಪೇಟೆ ಒಂದು ದಿನ ಜಿಗಿದಾಗ ಮೂವತ್ತು ಷೇರುಗಳಲ್ಲಿ ಒಮ್ಮೆಗೇ ಸಂಕೇತ ಬರುತ್ತದೆ. ಅವು ಮೂವತ್ತು ಬೇರೆ ಬೇರೆ ಘಟನೆಗಳಲ್ಲ, ಹೆಚ್ಚುಕಡಿಮೆ ಒಂದೇ ಘಟನೆ.

ಈ ಕಾರಣಕ್ಕೆ ಫಲಿತಾಂಶಗಳನ್ನು ಬಿಡಿಬಿಡಿಯಾಗಿ ಕಲಸುವುದಕ್ಕಿಂತ ಇನ್ನೂ ಬಿಗಿಯಾದ ಪರೀಕ್ಷೆ ಒಂದಿದೆ. ವಾರದ ಅಪ್ಪಣೆ ತಿಂಗಳುಗಟ್ಟಲೆ ‘ಹೌದು’ ಎಂದಿದ್ದು, ಆಮೇಲೆ ತಿಂಗಳುಗಟ್ಟಲೆ ‘ಇಲ್ಲ’ ಎನ್ನುತ್ತದೆ. ಆ ಇಡೀ ಹೌದು–ಇಲ್ಲಗಳ ಸಾಲನ್ನು ಹಾಗೆಯೇ ಎತ್ತಿ ಏಳು ತಿಂಗಳು, ಹದಿಮೂರು ತಿಂಗಳು, ಮೂವತ್ತು ತಿಂಗಳು ಹೀಗೆ ಜರುಗಿಸಿ ಪ್ರತಿ ಸಲವೂ ಲೆಕ್ಕ ಹಾಕಿ. ಕೊನೆಯಲ್ಲಿ ಹೊರಬಿದ್ದದ್ದನ್ನು ಮೊದಲಿಗೆ ತಂದು ಸೇರಿಸಿ. ತಪ್ಪು ಕಾಲಕ್ಕೆ ಜರುಗಿಸಿದ ಫಿಲ್ಟರ್ ಕೂಡ ನಿಮ್ಮ ನಿಜವಾದ ಫಿಲ್ಟರಿನಷ್ಟೇ ಒಳ್ಳೆಯ ಫಲ ಮತ್ತೆ ಮತ್ತೆ ಕೊಟ್ಟರೆ, ನಿಮ್ಮದು ಅದೃಷ್ಟ.

ಶುಕ್ರವಾರದ ಬೆಲೆ ಮಂಗಳವಾರಕ್ಕೇ ತಿಳಿದರೆ

ಇನ್ನೊಂದು ತಪ್ಪಿದೆ, ಅದೃಷ್ಟಕ್ಕಿಂತ ಅಪಾಯಕಾರಿ. ವಾರದ ಚಾರ್ಟಿನ ಪರೀಕ್ಷೆಗಳಲ್ಲಿ ಕಣ್ಣು ಕುಕ್ಕುವ ಫಲಿತಾಂಶ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ: ವಾರ ಇನ್ನೂ ಮುಗಿದಿರುವುದಿಲ್ಲ, ಆದರೆ ಕಂಪ್ಯೂಟರಿಗೆ ವಾರದ ಮುಕ್ತಾಯ ಬೆಲೆ ಗೊತ್ತಿರುತ್ತದೆ.

2024ರ ಲೋಕಸಭಾ ಚುನಾವಣೆಯ ಎಣಿಕೆ ನಡೆದ ವಾರವನ್ನು ನೆನಪಿಸಿಕೊಳ್ಳಿ. ಮೇ 24ರ ಶುಕ್ರವಾರ ನಿಫ್ಟಿ 22,957ರಲ್ಲಿ ಮುಗಿದಿತ್ತು. ಮೇ 31ರ ಶುಕ್ರವಾರ 22,531. ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಜೂನ್ 3ರ ಸೋಮವಾರ 23,264ಕ್ಕೆ ನೆಗೆಯಿತು. ಎಣಿಕೆಯ ದಿನ, ಜೂನ್ 4ರ ಮಂಗಳವಾರ, ಶೇ. 6ರಷ್ಟು ಕುಸಿದು 21,884ರಲ್ಲಿ ನಿಂತಿತು. ಆಮೇಲೆ ದಿನದಿನವೂ ಏರಿ ಜೂನ್ 7ರ ಶುಕ್ರವಾರ 23,290ಕ್ಕೆ ವಾರ ಮುಗಿಸಿತು.

ಈ ಒಂದು ಉದಾಹರಣೆಯ ಮಟ್ಟಿಗೆ ವಾರದ ನಿಯಮ ತೀರಾ ಸರಳವಾಗಿರಲಿ: ಈ ವಾರದ ಮುಕ್ತಾಯ ಹಿಂದಿನ ವಾರದ್ದಕ್ಕಿಂತ ಮೇಲಿದ್ದರೆ ಅಪ್ಪಣೆ. ದಿನದ ನಿಯಮ: ಜೋರಾಗಿ ಬಿದ್ದ ದಿನದ ಕೊನೆಗೆ ಕೊಳ್ಳು. ಮಂಗಳವಾರ ಸಂಜೆ ಕೂತವನಿಗೆ ಏನು ಗೊತ್ತಿತ್ತು? ಮುಗಿದ ವಾರ ಮೇ 31ರದ್ದು. ಅದು ಅದರ ಹಿಂದಿನ ವಾರಕ್ಕಿಂತ ಕೆಳಗೆ ಮುಗಿದಿತ್ತು. ಅಪ್ಪಣೆ ಇಲ್ಲ. ನಡೆಯುತ್ತಿದ್ದ ವಾರವನ್ನೇ ಅರ್ಧಕ್ಕೆ ನೋಡಿದರೂ 21,884 ಎಂಬುದು 22,531ಕ್ಕಿಂತ ಕೆಳಗೆ. ಆಗಲೂ ಅಪ್ಪಣೆ ಇಲ್ಲ. ಹೇಗೆ ನೋಡಿದರೂ ಅವನು ಕೊಳ್ಳುತ್ತಿರಲಿಲ್ಲ.

ಈಗ ಕಂಪ್ಯೂಟರಿನ ಪರೀಕ್ಷೆ. ವಾರದ ದತ್ತಾಂಶವನ್ನು ಇಳಿಸಿಕೊಳ್ಳುವಾಗ ಯಾಹೂ ಫೈನಾನ್ಸಿನಂಥ ಕಡೆ ಆ ವಾರದ ಸಾಲಿಗೆ ಸೋಮವಾರದ ತಾರೀಖು ಇರುತ್ತದೆ. ಆದರೆ ಅದರಲ್ಲಿರುವ ಮುಕ್ತಾಯ ಬೆಲೆ ಶುಕ್ರವಾರದ್ದು. ಈ ಸಾಲನ್ನು ದಿನದ ಸಾಲುಗಳ ಜೊತೆ ತಾರೀಖು ನೋಡಿ ಜೋಡಿಸಿದರೆ, ಜೂನ್ 7ರ 23,290 ಎಂಬ ಬೆಲೆ ಜೂನ್ 3ರ ಸೋಮವಾರದಿಂದಲೇ ಗೊತ್ತಿದ್ದಂತಾಗುತ್ತದೆ. ಮಂಗಳವಾರ ಕಂಪ್ಯೂಟರ್ ಕೇಳಿಕೊಳ್ಳುತ್ತದೆ: ವಾರ ಏರಿದೆಯೇ? 23,290 ಎಂಬುದು 22,531ಕ್ಕಿಂತ ಮೇಲೆ, ಹೌದು. 21,884ಕ್ಕೆ ಕೊಳ್ಳುತ್ತದೆ, ಮೂರೇ ದಿನದಲ್ಲಿ ಶೇ. 6.4 ಲಾಭ ಬರೆದುಕೊಳ್ಳುತ್ತದೆ. ಇಂಥ ಹತ್ತಾರು ವಾರಗಳು ಸೇರಿದರೆ ಸಾಧಾರಣ ವಿಧಾನವೂ ಚಿನ್ನದ ಗಣಿಯಾಗಿ ಕಾಣುತ್ತದೆ.

ಟ್ರೇಡಿಂಗ್‌ವ್ಯೂನಂಥ ವೇದಿಕೆಗಳಲ್ಲೂ ದೊಡ್ಡ ಅವಧಿಯ ಬೆಲೆಯನ್ನು ತಪ್ಪಾಗಿ ಕರೆಸಿಕೊಂಡರೆ ಇದೇ ಆಗುತ್ತದೆ. ಹಳೆಯ ಚಾರ್ಟಿನ ಮೇಲೆ ಬಾಣದ ಗುರುತುಗಳು ಸರಿಯಾದ ಜಾಗದಲ್ಲೇ ಕೂತಿರುತ್ತವೆ, ಇವತ್ತಿನ ಚಾರ್ಟಿನಲ್ಲಿ ಮಾತ್ರ ಬಂದು ಬಂದು ಮಾಯವಾಗುತ್ತವೆ. ಪತ್ತೆಹಚ್ಚುವುದು ಸುಲಭ. ವಾರದ ಅಪ್ಪಣೆಯನ್ನು ಪೂರ್ತಿ ಒಂದು ವಾರ ತಡವಾಗಿ ಬಳಸಿ ಪರೀಕ್ಷೆಯನ್ನು ಮತ್ತೆ ನಡೆಸಿ. 30 ವಾರದ ಸರಾಸರಿಯಂಥ ನಿಧಾನ ನಿಯಮಕ್ಕೆ ಒಂದು ವಾರದ ತಡ ದೊಡ್ಡದಲ್ಲ, ಲಾಭ ಸ್ವಲ್ಪ ಕುಗ್ಗಬಹುದು, ಅಷ್ಟೆ. ಲಾಭವೆಲ್ಲ ಒಮ್ಮೆಗೇ ಕರಗಿಹೋದರೆ ಅದು ಮೊದಲಿನಿಂದಲೂ ನಾಳೆಯ ಬೆಲೆಯನ್ನು ಕದ್ದು ನೋಡಿ ಗಳಿಸಿದ್ದು.

ಒಬ್ಬನೇ ಸಾಕ್ಷಿ, ಎರಡು ಹೇಳಿಕೆ

ವಾರದ ಚಾರ್ಟ್ ಮತ್ತು ದಿನದ ಚಾರ್ಟ್ ಎರಡೂ ಹೌದೆಂದರೆ ದೃಢಪಟ್ಟಂತೆ ಎಂಬ ಮಾತಿನಲ್ಲೇ ಒಂದು ತೊಡಕಿದೆ. ವಾರದ ಚಾರ್ಟ್ ಎಲ್ಲಿಂದ ಬಂತು? ಅದೇ ದಿನದ ಬೆಲೆಗಳನ್ನು ಐದೈದಾಗಿ ಕಟ್ಟಿದ್ದು. ಅದರೊಳಗೆ ಹೊಸ ಮಾಹಿತಿ ಒಂದೂ ಇಲ್ಲ. ನ್ಯಾಯಾಲಯದಲ್ಲಿ ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕರೆದು, ಎರಡು ಸಾಕ್ಷ್ಯ ಸಿಕ್ಕಿತು ಎಂದು ಬರೆದುಕೊಂಡಂತೆ ಇದು.

ಆದ್ದರಿಂದ ಪರೀಕ್ಷೆಗೆ ಇನ್ನೊಂದು ಹೋಲಿಕೆ ಸೇರಿಸಲೇಬೇಕು. 30 ವಾರಕ್ಕೆ ಐದೈದು ದಿನವೆಂದರೆ 150 ದಿನ. ವಾರದ ಚಾರ್ಟನ್ನು ಪೂರ್ತಿ ಬದಿಗಿಟ್ಟು, ದಿನದ ಚಾರ್ಟಿನಲ್ಲೇ 150 ದಿನಗಳ ಸರಾಸರಿ ಎಳೆಯಿರಿ. ಬೆಲೆ ಅದರ ಮೇಲಿದ್ದರೆ ಅಪ್ಪಣೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಎರಡು ಗೆರೆಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಹಾಗಾಗಿ ಫಲವೂ ಹತ್ತಿರಹತ್ತಿರ ಬಂದರೆ ಆಶ್ಚರ್ಯವಿಲ್ಲ. ಆಗ ಕೆಲಸ ಮಾಡುತ್ತಿರುವುದು ಎರಡು ಅವಧಿಗಳ ಒಪ್ಪಂದವಲ್ಲ, ಉದ್ದನೆಯ ಒಂದು ಸರಾಸರಿ ಎಂದು ತಿಳಿಯಬೇಕು. ಹಾಗೆಯೇ ವಾರವನ್ನು ಶುಕ್ರವಾರದ ಬದಲು ಬುಧವಾರಕ್ಕೆ ಮುಗಿಸಿ ನೋಡಿ. ವಾರ ಶುಕ್ರವಾರಕ್ಕೇ ಮುಗಿಯಬೇಕೆಂಬುದು ಕ್ಯಾಲೆಂಡರಿನ ರೂಢಿ, ಬೆಲೆಯ ಗುಣವಲ್ಲ. ದಿನ ಬದಲಿಸಿದ ಮಾತ್ರಕ್ಕೆ ಲಾಭ ಅರ್ಧವಾದರೆ ಆ ಲಾಭವನ್ನು ನಂಬುವಂತಿಲ್ಲ.

ನಿಯಮಗಳನ್ನು ಒಂದೊಂದಾಗಿ ಹಾಕಿ ನೋಡಿ ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುವವರಿಗೂ ಇದೇ ಗತಿ. ಸಲಿವಾನ್, ಟಿಮ್ಮರ್‌ಮನ್ ಮತ್ತು ವೈಟ್ ಎಂಬ ಅರ್ಥಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಡೌ ಜೋನ್ಸ್ ಸೂಚ್ಯಂಕದ ಸುಮಾರು ನೂರು ವರ್ಷದ ಬೆಲೆಗಳ ಮೇಲೆ ಎಂಟು ಸಾವಿರದ ಹತ್ತಿರ ನಿಯಮಗಳನ್ನು ಓಡಿಸಿದರು. ಹಳೆಯ ದಾಖಲೆಯಲ್ಲಿ ಎಲ್ಲಕ್ಕಿಂತ ಮುಂದಿದ್ದ ನಿಯಮ, 1987ರ ನಂತರದ ಹತ್ತು ವರ್ಷಗಳಲ್ಲಿ ಆ ಮೇಲುಗೈ ಉಳಿಸಿಕೊಳ್ಳಲಿಲ್ಲ. 10 ವಾರ, 20 ವಾರ, 30 ವಾರ, ಎಂಎಸಿಡಿ, ಸೂಪರ್‌ಟ್ರೆಂಡ್ ಎಂದು ಹತ್ತು ಬಗೆ ನೋಡಿ ಒಂದನ್ನು ಆರಿಸಿದವನು, ಆ ಒಂದರ ಫಲಿತಾಂಶವನ್ನು ಹತ್ತು ಪ್ರಯತ್ನಗಳ ಲೆಕ್ಕದಲ್ಲೇ ಓದಬೇಕು.

2020 ಕಲಿಸಿದ್ದು

ಹಾಗಾದರೆ ವಾರದ ಅಪ್ಪಣೆಯಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ತರಗತಿಯಲ್ಲಿ ಹೇಳುವ ಜಾಗದಲ್ಲಿ ಅಲ್ಲ. ಕೊರೊನಾ ವರ್ಷದ ನಿಫ್ಟಿಯ ಮೇಲೆ 30 ವಾರದ ನಿಯಮವನ್ನು ಇಟ್ಟು ನೋಡಿದರೆ ಅದು ಎದ್ದು ಕಾಣುತ್ತದೆ.

2020ರ ಫೆಬ್ರವರಿ 21ರ ವಾರ ನಿಫ್ಟಿ 12,080ರಲ್ಲಿ, ಸರಾಸರಿಯ ಮೇಲೆ ಮುಗಿಯಿತು. ಮುಂದಿನ ಶುಕ್ರವಾರ, ಫೆಬ್ರವರಿ 28ರಂದು, 11,200ಕ್ಕೆ ಇಳಿದು ಸರಾಸರಿಯ ಕೆಳಗೆ ಮುಗಿಯಿತು. ಅಪ್ಪಣೆ ನಿಂತಿತು. ಮಾರ್ಚ್ 23ಕ್ಕೆ ನಿಫ್ಟಿ 7,610. ಅಂದರೆ ಅಪ್ಪಣೆ ನಿಂತ ಮೇಲೆ ಶೇ. 32ರ ಕುಸಿತ. ಆ ನಾಲ್ಕು ವಾರಗಳಲ್ಲಿ ದಿನದ ಚಾರ್ಟ್ ತೋರಿಸಿದ ಇನ್ನು ಏರುತ್ತದೆ ಎಂಬ ಸಂಕೇತಗಳನ್ನೆಲ್ಲ ಫಿಲ್ಟರ್ ತಳ್ಳಿಹಾಕುತ್ತಿತ್ತು. ಕೊಂಡಿದ್ದವರು ಅಲ್ಲಿ ಸಾಲುಸಾಲಾಗಿ ಸ್ಟಾಪ್ ಲಾಸ್ ಕೊಟ್ಟು ಹೊರಬೀಳುತ್ತಿದ್ದರು.

ಆಮೇಲೆ ಪೇಟೆ ತಿರುಗಿತು. ಆದರೆ 30 ವಾರದ ಸರಾಸರಿಯೊಳಗೆ ಜನವರಿಯ 12,000ದ ಮೇಲಿನ ಬೆಲೆಗಳು ಇನ್ನೂ ಕೂತಿದ್ದವು. ನಿಫ್ಟಿ ಆ ಸರಾಸರಿಯನ್ನು ದಾಟಿ ಮತ್ತೆ ಅಪ್ಪಣೆ ಸಿಗುವಷ್ಟರಲ್ಲಿ ಜುಲೈ ಮೊದಲ ವಾರ, ಸೂಚ್ಯಂಕ 10,600ರ ಆಸುಪಾಸು. ತಳದಿಂದ ಶೇ. 39ರಷ್ಟು ಏರಿಕೆ ಕೈತಪ್ಪಿತ್ತು. ಏಪ್ರಿಲ್, ಮೇ, ಜೂನ್ ತಿಂಗಳ ಒಳ್ಳೆಯ ಸಂಕೇತಗಳೂ ತಿರಸ್ಕೃತರ ಪಟ್ಟಿಗೇ ಸೇರಿದವು.

ಒಟ್ಟು ಲೆಕ್ಕ ಹಾಕಿ. 11,200ರಲ್ಲಿ ಹೊರಗೆ, 10,600ರಲ್ಲಿ ಒಳಗೆ. ಉಳಿದದ್ದು 600 ಅಂಶ, ಶೇ. 5ರಷ್ಟು. ಸರಾಸರಿ ಗಳಿಕೆಯ ದೃಷ್ಟಿಯಿಂದ ಇದು ದೊಡ್ಡದಲ್ಲ. ಆದರೆ ನಡುವೆ ಬಂದ ಶೇ. 32ರ ಗುಂಡಿಯನ್ನು ಪೂರ್ತಿ ತಪ್ಪಿಸಿದ್ದು ದೊಡ್ಡದೇ. ತಿರಸ್ಕೃತ ವಹಿವಾಟುಗಳಲ್ಲಿ ಮಾರ್ಚಿನ ನಷ್ಟವೂ ಇದೆ, ಮೇ–ಜೂನಿನ ಲಾಭವೂ ಇದೆ. ಒಂದನ್ನೊಂದು ನುಂಗಿ ಸರಾಸರಿ ಸೊನ್ನೆಯ ಹತ್ತಿರ ಬರುವುದು ಹೀಗೆ.

ಅಮೆರಿಕದ ಮೆಬ್ ಫೇಬರ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸುತ್ತದೆ. 10 ತಿಂಗಳ ಸರಾಸರಿಯ ಮೇಲಿದ್ದರೆ ಒಳಗೆ, ಕೆಳಗಿದ್ದರೆ ಹೊರಗೆ ಎಂಬುದು ಅವರ ನಿಯಮ. ಅದರಿಂದ ಗಳಿಕೆ ಸುಮಾರಾಗಿ ಮೊದಲಿನಷ್ಟೇ ಉಳಿಯಿತು, ಬಂಡವಾಳದ ಏರಿಳಿತ ಮತ್ತು ದೊಡ್ಡ ಕುಸಿತಗಳು ಎದ್ದು ಕಾಣುವಷ್ಟು ತಗ್ಗಿದವು. ಕುಸಿತ ಚಿಕ್ಕದಾದರೆ ಸಾಮಾನ್ಯ ಹೂಡಿಕೆದಾರ ನಡುನೀರಿನಲ್ಲಿ ಕೈಬಿಟ್ಟು ಓಡುವುದಿಲ್ಲ. ಆ ಲಾಭ ಎಕ್ಸ್‌ಪೆಕ್ಟೆನ್ಸಿಯ ಅಂಕಣದಲ್ಲಿ ಕಾಣುವುದಿಲ್ಲ.

ಸತ್ತ ಷೇರುಗಳನ್ನೂ ಲೆಕ್ಕಕ್ಕೆ ತನ್ನಿ

ಬಿಡಿ ಷೇರುಗಳ ಪರೀಕ್ಷೆಯಲ್ಲಿ ಒಂದು ವಿಚಿತ್ರವಿದೆ. ಇಂದಿನ ನಿಫ್ಟಿ 50ರ ಪಟ್ಟಿಯನ್ನು ಹಿಡಿದು ಹದಿನೈದು ವರ್ಷ ಹಿಂದಕ್ಕೆ ಹೋದರೆ ಸಿಗುವುದು ಬದುಕಿ ಗೆದ್ದ ಕಂಪನಿಗಳು ಮಾತ್ರ. ಅವು ಬಿದ್ದಾಗೆಲ್ಲ ಎದ್ದಿವೆ. ಹಾಗಾಗಿ ವಾರದ ಅಪ್ಪಣೆಯಿಲ್ಲದೆ ಬಿದ್ದಾಗ ಕೊಂಡವನು ಇಂಥ ಪರೀಕ್ಷೆಯಲ್ಲಿ ಜಾಣನಾಗಿ ಕಾಣುತ್ತಾನೆ, ಫಿಲ್ಟರ್ ದಂಡವಾಗಿ ಕಾಣುತ್ತದೆ.

ಯೆಸ್ ಬ್ಯಾಂಕ್ ಕೂಡ ನಿಫ್ಟಿ 50ರಲ್ಲಿತ್ತು. 2018ರ ಆಗಸ್ಟಿನಲ್ಲಿ ಸುಮಾರು 400 ರೂಪಾಯಿ ಇದ್ದ ಷೇರು ಮುಂದಿನ ಒಂದೂವರೆ ವರ್ಷ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿತು. ಮರುದಿನ ಒಂದೇ ದಿನದಲ್ಲಿ ಉಳಿದಿದ್ದ ಬೆಲೆಯ ಅರ್ಧಕ್ಕಿಂತ ಹೆಚ್ಚು ಹೋಯಿತು. ಆ ಇಳಿಜಾರಿನಲ್ಲಿ ದಿನದ ಚಾರ್ಟ್ ಎಷ್ಟೋ ಸಲ ಪುಟಿದೆದ್ದು ಆಸೆ ಹುಟ್ಟಿಸಿತ್ತು. ಉದ್ದನೆಯ ಸರಾಸರಿಯ ನಿಯಮ ತಡೆಯುವುದು ಇಂಥ ಕೊಳ್ಳುವಿಕೆಗಳನ್ನೇ. ಆಯಾ ಕಾಲದ ಪಟ್ಟಿಯಲ್ಲಿದ್ದ ಕಂಪನಿಗಳನ್ನೆಲ್ಲ, ಆಮೇಲೆ ಹೊರಬಿದ್ದವನ್ನೂ ಸೇರಿಸಿ ಪರೀಕ್ಷಿಸಿದರೆ ತಿರಸ್ಕೃತ ವಹಿವಾಟುಗಳ ಸರಾಸರಿ ಕೆಳಗಿಳಿಯುತ್ತದೆ. ಫಿಲ್ಟರಿಗೆ ಸಲ್ಲಬೇಕಾದ ಮರ್ಯಾದೆ ಆಗ ಸಲ್ಲುತ್ತದೆ. ಸಾಮಾನ್ಯವಾಗಿ ಪರೀಕ್ಷೆಯ ತಪ್ಪುಗಳು ನಿಯಮವನ್ನು ಹೊಗಳುತ್ತವೆ. ಈ ತಪ್ಪು ಮಾತ್ರ ಅದನ್ನು ತೆಗಳುತ್ತದೆ.

ತೀರ್ಪು

ವಾರದ ಅಪ್ಪಣೆ ಒಂದು ವಹಿವಾಟಿನ ಸರಾಸರಿ ಗಳಿಕೆಯನ್ನು ಹೆಚ್ಚಿಸಿದಂತೆ ತೋರುವುದು ಸಾಮಾನ್ಯ. ಒಟ್ಟು ಲಾಭವನ್ನೂ ಅದು ಹೆಚ್ಚಿಸುತ್ತದೆ ಎನ್ನಲು ಆಧಾರ ಸಿಗುವುದು ಅಪರೂಪ. ಸೂಚ್ಯಂಕದ ಮೇಲೆ ಅದು ಮುಖ್ಯವಾಗಿ ದೊಡ್ಡ ಕುಸಿತವನ್ನು ತಪ್ಪಿಸುವ ಸಾಧನ. ಬಿಡಿ ಷೇರುಗಳಲ್ಲಿ ಮುಳುಗುತ್ತಿರುವ ಕಂಪನಿಯಿಂದ ದೂರವಿಡುವ ಸಾಧನ. ಎರಡೂ ಸಣ್ಣ ಉಪಕಾರಗಳಲ್ಲ, ಆದರೆ ಎರಡನ್ನೂ ಹೆಚ್ಚುವರಿ ಗಳಿಕೆ ಎಂದು ಮಾರುವವರನ್ನು ನಂಬಬೇಕಿಲ್ಲ.

ನಿಮ್ಮ ವಿಧಾನದ ಮೇಲೆ ಇದನ್ನು ಬಳಸುವ ಮುನ್ನ ನಿಯಮವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ಬದಲಿಸಬೇಡಿ. ಮುಗಿದ ವಾರದ ಬೆಲೆಯನ್ನಷ್ಟೇ ಬಳಸಿ. ಖರ್ಚು ಕಳೆಯಿರಿ. 150 ದಿನದ ಸರಾಸರಿಯ ಜೊತೆ ಹೋಲಿಸಿ. ಎಲ್ಲ ಮುಗಿದ ಮೇಲೆ, ಫಿಲ್ಟರ್ ಬೇಡವೆಂದ ವಹಿವಾಟುಗಳನ್ನು ಬೇರೆ ಹಾಳೆಯಲ್ಲಿ ಬರೆದು ಕೂಡಿಸಿ. ಯಾರಾದರೂ ಈ ವಿಧಾನದ ಬ್ಯಾಕ್‌ಟೆಸ್ಟ್ ತೋರಿಸಿ ಶುಲ್ಕ ಕೇಳಿದರೆ ಆ ಎರಡನೆಯ ಹಾಳೆಯನ್ನು ಕೇಳಿ. ಅದು ಅವರಲ್ಲಿ ಇಲ್ಲದಿದ್ದರೆ ಅವರು ಪರೀಕ್ಷೆಯನ್ನು ಪೂರ್ತಿ ಮಾಡಿಲ್ಲ ಎಂದೇ ಅರ್ಥ.